ಕ್ಯಾಮೆರಾ ಸುತ್ತಿಸಿದರೆ ಐರಿಸ್ ಸರಿಯಿದೆ, ಕಣ್ಣು ತಿರುಗಿಸಿದರೆ ಜಾರುತ್ತದೆ

ಕಾಡಿಗೆ

ರಿಯಲ್‌ಟೈಮ್ ಪಾತ್ರವೊಂದಕ್ಕೆ ಕಣ್ಣಿನ ಶೇಡರ್ ಬರೆಯುತ್ತಿದ್ದೇನೆ. ಕಣ್ಣುಗುಡ್ಡೆ ಒಂದೇ ಮೆಶ್, ಮುಂಭಾಗದಲ್ಲಿ ಕಾರ್ನಿಯಾದ ಉಬ್ಬು ಇದೆ, ಐರಿಸ್ ಅದರ ಮೇಲಿನ ಟೆಕ್ಸ್ಚರ್ ಅಷ್ಟೇ. ಆಳ ತೋರಿಸಲು ನೋಟದ ಕಿರಣವನ್ನು ಕಾರ್ನಿಯಾದಲ್ಲಿ ಬಗ್ಗಿಸಿ, ಅದು ಐರಿಸ್ ಸಮತಲಕ್ಕೆ ಬಡಿಯುವ ಜಾಗದ ಯುವಿಯಿಂದ ಬಣ್ಣ ತೆಗೆದುಕೊಳ್ಳುತ್ತೇನೆ.

ಪಾತ್ರ ನೇರ ನೋಡುತ್ತಿರುವಾಗ ಕ್ಯಾಮೆರಾವನ್ನು ಎತ್ತ ಸುತ್ತಿಸಿದರೂ ಚೆನ್ನಾಗಿ ಕಾಣುತ್ತದೆ. ಪಾಪೆ ಒಳಗೆ ಕೂತ ಹಾಗೇ ಇರುತ್ತದೆ. ಆದರೆ ಅನಿಮೇಷನ್ ಹಾಕಿ ಕಣ್ಣು ಪಕ್ಕಕ್ಕೆ ತಿರುಗಿಸಿದ ಕೂಡಲೇ ಪಾಪೆ ಬೋನ್ ತಿರುಗಿದ್ದಕ್ಕಿಂತ ಇನ್ನೂ ಆಚೆಗೆ ಜಾರುತ್ತದೆ. ಮುಖದ ಹತ್ತಿರ ಏನಾದರೂ ಹಿಡಿದು ಅದನ್ನೇ ನೋಡುವ ದೃಶ್ಯದಲ್ಲಂತೂ ಪಾತ್ರಕ್ಕೆ ಮೆಳ್ಳಗಣ್ಣು ಬಂದುಬಿಡುತ್ತದೆ. ಜೊತೆಗೆ ಹೊಳಪಿನ ಚುಕ್ಕೆಯೂ ಐರಿಸ್ ಜೊತೆಗೇ ಅಲ್ಲಾಡುತ್ತದೆ, ಕಣ್ಣು ಒದ್ದೆಯಾಗಿದೆ ಅನ್ನಿಸುವುದೇ ಇಲ್ಲ.

ಮುಖ್ಯ ಭಾಗ ಇದು:

```hlsl
float3 V = normalize(_WorldSpaceCameraPos - i.posWS);
float3 R = refract(-V, N, 1.0 / 1.336);
float3 axis = normalize(mul((float3x3)unity_ObjectToWorld, float3(0,0,1)));
float  d = 0.003 / dot(axis, -R);
float2 off = mul((float3x3)unity_WorldToObject, R * d).xy;
float2 uvIris = uv + off * _UvPerMeter;
```

ಐರಿಸ್ ತ್ರಿಜ್ಯ 6 ಮಿ.ಮೀ., ಯುವಿಯಲ್ಲಿ ಅದು 0.15. ಹಾಗಾಗಿ `_UvPerMeter` 25 ಇಟ್ಟಿದ್ದೇನೆ.

ಟೆಕ್ಸೆಲ್‌ರಾಯ

ಇದು ಕನ್ನಡಿ ಯುವಿ ಸಮಸ್ಯೆ, ಕಣ್ಣು ಮುಚ್ಚಿಕೊಂಡು ಹೇಳಬಹುದು. ಒಂದು ಕಣ್ಣು ಮಾಡಿ ಇನ್ನೊಂದನ್ನು ಮಿರರ್ ಮಾಡಿರುತ್ತೀರಿ, ಅದರಲ್ಲಿ `u` ದಿಕ್ಕು ಉಲ್ಟಾ ಆಗಿರುತ್ತದೆ. ಎಡಗಣ್ಣಿಗೆ `off.x` ಅನ್ನು ಮೈನಸ್ ಮಾಡಿ ನೋಡಿ.

ಇನ್ನೊಂದು ವಿಷಯ, ಕಾರ್ನಿಯಾದ ವಕ್ರೀಭವನ ಸೂಚ್ಯಂಕ 1.376. ನೀವು 1.336 ಹಾಕಿದ್ದೀರಿ. ಕಿರಣ ಸಾಕಷ್ಟು ಬಗ್ಗದೇ ಇರುವುದಕ್ಕೆ ಅದೂ ಕಾರಣ ಇರಬಹುದು.

ಕಾಡಿಗೆ

ಎರಡು ಕಣ್ಣಿಗೂ ಬೇರೆ ಬೇರೆ ಯುವಿ ಬಿಡಿಸಿದ್ದೇನೆ, ಮಿರರ್ ಇಲ್ಲ. ಆದರೂ ಮೈನಸ್ ಹಾಕಿ ನೋಡಿದೆ. ಕಣ್ಣು ತಿರುಗಿದಾಗ ಸ್ವಲ್ಪ ವಾಸಿ ಅನ್ನಿಸಿತು, ಆದರೆ ನೇರ ನೋಡುವಾಗ ಕ್ಯಾಮೆರಾ ಸುತ್ತಿಸಿದರೆ ಆ ಕಣ್ಣು ಕೆಟ್ಟುಹೋಯಿತು. 1.376 ಹಾಕಿದರೆ ಏನೂ ವ್ಯತ್ಯಾಸ ಕಾಣಲಿಲ್ಲ.

ಹಳೇಶೇಡರ್

ಟೆಕ್ಸೆಲ್‌ರಾಯರೇ, ಕನ್ನಡಿ ಯುವಿ ಆಗಿದ್ದರೆ ಒಂದು ಕಣ್ಣು ಮಾತ್ರ ಕೆಡಬೇಕಿತ್ತು, ಅದೂ ಕ್ಯಾಮೆರಾ ಸುತ್ತಿಸಿದಾಗಲೂ ಕೆಡಬೇಕಿತ್ತು. ಇಲ್ಲಿ ಎರಡೂ ಕಣ್ಣು, ಅದೂ ಬೋನ್ ತಿರುಗಿದಾಗ ಮಾತ್ರ. ಆ ವ್ಯತ್ಯಾಸದಲ್ಲೇ ಉತ್ತರ ಇದೆ.

ಕಾಡಿಗೆಯವರೇ, ಮೊದಲು ಒಂದು ಪರೀಕ್ಷೆ ಮಾಡಿ. ಶೇಡರ್‌ನ ಕೊನೆಯಲ್ಲಿ ಬೇರೆಲ್ಲ ಬಿಟ್ಟು ಇದನ್ನು ಮಾತ್ರ ಹೊರಗೆ ಕಳಿಸಿ:

```hlsl
return float4(axis * 0.5 + 0.5, 1);
```

ಆಮೇಲೆ ಕ್ಯಾಮೆರಾ ಮುಟ್ಟದೆ ಕಣ್ಣಿನ ಬೋನ್ ಮಾತ್ರ ತಿರುಗಿಸಿ. ಕಣ್ಣಿನ ಬಣ್ಣ ಬದಲಾಗುತ್ತದೆಯೇ?

ಕಾಡಿಗೆ

ಇಲ್ಲ. ಕಣ್ಣು ತಿರುಗುತ್ತದೆ, ಬಣ್ಣ ಇದ್ದ ಹಾಗೇ ಇದೆ. ಇಡೀ ಪಾತ್ರವನ್ನು ತಿರುಗಿಸಿದರೆ ಮಾತ್ರ ಬದಲಾಗುತ್ತದೆ.

ಹಳೇಶೇಡರ್

ಹಾಗಾದರೆ ಸಿಕ್ಕಿತು. ನಿಮ್ಮ ಕಣ್ಣು ಸ್ಕಿನ್ ಆದ ಮೆಶ್‌ನ ಭಾಗ. ಬೋನ್ ತಿರುಗುವುದು ವರ್ಟೆಕ್ಸ್‌ಗಳಲ್ಲಿ ಆಗಿಹೋಗಿರುತ್ತದೆ, `unity_ObjectToWorld` ತಲುಪುವ ಹೊತ್ತಿಗೆ ಕಣ್ಣು ಎತ್ತ ನೋಡುತ್ತಿದೆ ಎಂಬ ಸುದ್ದಿಯೇ ಅದರಲ್ಲಿ ಇರುವುದಿಲ್ಲ. ಆ ಮ್ಯಾಟ್ರಿಕ್ಸ್‌ನ ಝಡ್ ಅಕ್ಷ ಪಾತ್ರದ ಮುಂದಿನ ದಿಕ್ಕು, ಕಣ್ಣಿನದಲ್ಲ. ರೆಸ್ಟ್ ಪೋಸ್‌ನಲ್ಲಿ ಎರಡೂ ಒಂದೇ ಆದ್ದರಿಂದ ಸರಿಯಾಗಿ ಕಾಣುತ್ತದೆ. `N` ಮಾತ್ರ ಸ್ಕಿನ್ನಿಂಗ್ ಆಗಿ ಬಂದಿರುವುದರಿಂದ ಕಿರಣ ಸರಿಯಾಗಿಯೇ ಬಗ್ಗುತ್ತದೆ. ಸರಿಯಾಗಿ ಬಗ್ಗಿದ ಕಿರಣವನ್ನು ನೀವು ಬೇರೆ ದಿಕ್ಕಿಗೆ ಮುಖ ಮಾಡಿರುವ ಸಮತಲಕ್ಕೆ ಬಡಿಸುತ್ತಿದ್ದೀರಿ.

ಎಷ್ಟು ತಪ್ಪಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ, ಯಾಕೆಂದರೆ ಲೆಕ್ಕ ನಿಮ್ಮ ಮೆಳ್ಳಗಣ್ಣಿಗೂ ಉತ್ತರ ಕೊಡುತ್ತದೆ. ಕ್ಯಾಮೆರಾ ಮುಖದ ನೇರ ಮುಂದೆ ಇದೆ, ಕಣ್ಣು ಪಕ್ಕಕ್ಕೆ 30 ಡಿಗ್ರಿ ತಿರುಗಿದೆ ಅಂದುಕೊಳ್ಳಿ. ಕಾರ್ನಿಯಾದ ನಡುವಿನ ಬಿಂದುವನ್ನು ತೆಗೆದುಕೊಂಡರೆ ಕಿರಣ ಅಲ್ಲಿಗೆ 30 ಡಿಗ್ರಿಯಲ್ಲಿ ಬರುತ್ತದೆ, 1.336ರಲ್ಲಿ ಬಗ್ಗಿ ಒಳಗೆ 22 ಡಿಗ್ರಿ ಆಗುತ್ತದೆ. ಐರಿಸ್ 3 ಮಿ.ಮೀ. ಕೆಳಗಿದ್ದರೆ ಅದು ಸಮತಲಕ್ಕೆ ಬಡಿಯುವುದು ನಡುವಿನಿಂದ 1.2 ಮಿ.ಮೀ. ದೂರದಲ್ಲಿ, ಕಣ್ಣು ತಿರುಗಿದ ಕಡೆಗೆ. ನಿಮ್ಮ ಕೋಡ್ ಅದೇ ಕಿರಣವನ್ನು ಮುಖದ ಅಕ್ಷದ ಲೆಕ್ಕದಲ್ಲಿ ಅಳೆಯುತ್ತದೆ. ಮುಖದ ಅಕ್ಷದಿಂದ ಅದು ಓರೆಯಾಗಿರುವುದು ಬರೀ 8 ಡಿಗ್ರಿ, ಅದೂ ಎದುರು ಬದಿಗೆ. ಹಾಗಾಗಿ ಸಿಗುವ ಉತ್ತರ ಮೈನಸ್ 0.4 ಮಿ.ಮೀ. ಸ್ಯಾಂಪಲ್ ಮಾಡುವ ಜಾಗ ಒಟ್ಟು 1.6 ಮಿ.ಮೀ. ತಪ್ಪುತ್ತದೆ, ಅಂದರೆ ಐರಿಸ್ ತ್ರಿಜ್ಯದ ಕಾಲು ಭಾಗಕ್ಕಿಂತ ಹೆಚ್ಚು. ನೋಡುವವರಿಗೆ ಪಾಪೆ ಕ್ಯಾಮೆರಾ ಕಡೆಗೆ ಹಿಂದೆ ಸರಿಯುವ ಬದಲು ನೋಟದ ದಿಕ್ಕಿಗೆ ಇನ್ನೂ ಮುಂದೆ ಹೋದಂತೆ ಕಾಣುತ್ತದೆ.

ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆಗೆ ತಿರುಗುತ್ತವೆ. 20 ಸೆಂ.ಮೀ. ದೂರದ ವಸ್ತುವಿಗೆ ಒಂದೊಂದೂ ಸುಮಾರು 9 ಡಿಗ್ರಿ. ಅಲ್ಲಿ ತಪ್ಪು ಅರ್ಧ ಮಿ.ಮೀ. ಮಾತ್ರ, ಆದರೆ ಎರಡು ಕಣ್ಣಿನಲ್ಲೂ ಮೂಗಿನ ಕಡೆಗೇ ಆಗುವುದರಿಂದ ತಕ್ಷಣ ಗೊತ್ತಾಗುತ್ತದೆ. ಎರಡೂ ಕಣ್ಣು ಒಂದೇ ಕಡೆಗೆ ಅಷ್ಟೇ ಜಾರಿದ್ದರೆ ಯಾರೂ ಗಮನಿಸುತ್ತಿರಲಿಲ್ಲ.

`off.x` ಮೈನಸ್ ಮಾಡಿದಾಗ ಯಾಕೆ ವಾಸಿ ಅನ್ನಿಸಿತು ಎಂಬುದೂ ಇದರಲ್ಲೇ ಇದೆ. ಮೈನಸ್ 0.4 ಪ್ಲಸ್ 0.4 ಆಯಿತು, 1.2ಕ್ಕೆ ಹತ್ತಿರ ಬಂತು.

ಪರಿಹಾರ: ಕಣ್ಣಿನ ಮೂರು ಅಕ್ಷಗಳನ್ನು ಪ್ರತಿ ಫ್ರೇಮ್‌ಗೆ ಸ್ಕ್ರಿಪ್ಟ್‌ನಿಂದ ಕಳಿಸಿ, ಎಡಕ್ಕೊಂದು ಬಲಕ್ಕೊಂದು ಮಟೀರಿಯಲ್ ಇರಲಿ.

```hlsl
float  r   = length(uv - _IrisCenter) / 0.15;
float  h   = 0.003 * saturate(1 - r * r);
float  c   = max(dot(_EyeZ, -R), 0.2);
float3 P   = R * (h / c);
float2 off = float2(dot(P, _EyeX), dot(P, _EyeY));
float2 uvIris = uv + off * _UvPerMeter;
```

ನೀವು 3 ಮಿ.ಮೀ. ಆಳವನ್ನು ಎಲ್ಲ ಕಡೆಗೂ ಒಂದೇ ಇಟ್ಟಿದ್ದಿರಿ. ಕಾರ್ನಿಯಾ ನಡುವಿನಲ್ಲಿ ಎತ್ತರ, ಅಂಚಿಗೆ ಬಂದಂತೆ ಐರಿಸ್ ಸಮತಲಕ್ಕೆ ಇಳಿಯುತ್ತದೆ. ಅದಕ್ಕೇ `h` ಅಂಚಿನಲ್ಲಿ ಸೊನ್ನೆ ಆಗಬೇಕು, ಇಲ್ಲದಿದ್ದರೆ ಐರಿಸ್ ಮತ್ತು ಬಿಳಿಗುಡ್ಡೆ ಸೇರುವಲ್ಲಿ ಬಾವಿಕಟ್ಟೆ ಥರ ಮೆಟ್ಟಿಲು ಕಾಣುತ್ತದೆ.

ಕಣ್ಣಿನ ಬೋನ್‌ನ ಅಕ್ಷಗಳನ್ನು ನೇರವಾಗಿ ನಂಬಬೇಡಿ. ಬ್ಲೆಂಡರ್‌ನಿಂದ ಬಂದ ಬೋನ್‌ನಲ್ಲಿ ಉದ್ದಕ್ಕೆ ಇರುವುದು ವೈ ಅಕ್ಷ. ಬೋನ್ ಅಡಿಯಲ್ಲಿ ಒಂದು ಖಾಲಿ ಆಬ್ಜೆಕ್ಟ್ ಇಟ್ಟು, ಅದರ ಝಡ್ ಪಾಪೆಯಿಂದ ಹೊರಕ್ಕೆ, ಎಕ್ಸ್ ಯುವಿಯ `u` ದಿಕ್ಕಿಗೆ ಬರುವಂತೆ ತಿರುಗಿಸಿಕೊಂಡರೆ ತಲೆನೋವು ಇಲ್ಲ. ಟೆಕ್ಸೆಲ್‌ರಾಯರ ಮಾತು ಉಪಯೋಗಕ್ಕೆ ಬರುವುದು ಇಲ್ಲೇ: ಮುಂದೆ ಯಾವತ್ತಾದರೂ ಮಿರರ್ ಯುವಿ ಬಳಸಿದರೆ ಆ ಕಣ್ಣಿನ `_EyeX` ಉಲ್ಟಾ ಕಳಿಸಬೇಕಾಗುತ್ತದೆ.

ಟೆಕ್ಸೆಲ್‌ರಾಯ

ಒಪ್ಪಿದೆ. ಆದರೆ 1.336 ಯಾಕೆ? ಎಲ್ಲಾ ಕಡೆ ಕಾರ್ನಿಯಾಗೆ 1.376 ಅಂತಲೇ ಇರುತ್ತದೆ.

ಹಳೇಶೇಡರ್

ಕಾರ್ನಿಯಾಗೆ ಅದು ಸರಿ. ಆದರೆ ಕಾರ್ನಿಯಾ ಅರ್ಧ ಮಿ.ಮೀ.ನಷ್ಟು ತೆಳು, ಅದರ ಹಿಂದೆ ಐರಿಸ್‌ವರೆಗೂ ಇರುವುದು ನೀರಿನಂಥ ದ್ರವ, ಅದರ ಸೂಚ್ಯಂಕ 1.336. ಎರಡು ಮೇಲ್ಮೈಗಳೂ ಹೆಚ್ಚುಕಡಿಮೆ ಸಮಾನಾಂತರವಾಗಿರುವುದರಿಂದ ಕಿರಣ ಕೊನೆಗೆ ಯಾವ ಕೋನದಲ್ಲಿ ಹೋಗುತ್ತದೆ ಎಂಬುದನ್ನು ಕೊನೆಯ ಮಾಧ್ಯಮವೇ ನಿರ್ಧರಿಸುತ್ತದೆ. ಒಂದೇ ಸಲ ಬಗ್ಗಿಸುವುದಾದರೆ 1.336 ಹತ್ತಿರದ ಉತ್ತರ ಕೊಡುತ್ತದೆ.

ಆದರೆ ಜಗಳ ಆಡುವಷ್ಟು ವ್ಯತ್ಯಾಸ ಅಲ್ಲ. 45 ಡಿಗ್ರಿಯಲ್ಲಿ ನೋಡಿದರೆ ಸ್ಯಾಂಪಲ್ ಸರಿಯುವುದು 1.336ರಲ್ಲಿ 1.87 ಮಿ.ಮೀ., 1.376ರಲ್ಲಿ 1.80 ಮಿ.ಮೀ. ಬಗ್ಗಿಸದೇ ಬರೀ ಪ್ಯಾರಲಾಕ್ಸ್ ಮಾಡಿದರೆ 3 ಮಿ.ಮೀ. ಆಗುತ್ತದೆ, ಅದು ಕಣ್ಣಿಗೆ ಹೊಡೆಯುತ್ತದೆ. ಬರೀ ಪ್ಯಾರಲಾಕ್ಸ್ ಹಾಕಿದ ಪಾತ್ರಗಳಿಗೆ ಕಣ್ಣು ಗುಳಿಬಿದ್ದಂತೆ ಕಾಣುವುದು ಅದಕ್ಕೇ.

ಮೊಬೈಲ್‌ಗೇಮಿ

ನನಗೂ ಇದೇ ಸಮಸ್ಯೆ! ನನ್ನ ಪಾತ್ರದ ಕಣ್ಣಲ್ಲಿ ಕ್ಯಾಮೆರಾ ದೂರ ಹೋದರೆ ಮಿಣಮಿಣ ಅಂತ ಚುಕ್ಕಿಗಳು ಮಿನುಗುತ್ತವೆ. ಕಣ್ಣು ಎತ್ತ ತಿರುಗಿದರೂ ಹೊಳಪಿನ ಚುಕ್ಕೆ ಮಾತ್ರ ಗಾಜಿಗೆ ಅಂಟಿಸಿದ ಹಾಗೆ ನಿಂತಲ್ಲೇ ಇರುತ್ತದೆ. ಮೊಬೈಲ್ ಆದ್ದರಿಂದ ರಿಫ್ರಾಕ್ಷನ್ ಹಾಕಿಲ್ಲ. ಅದು ಹಾಕಿದರೆ ಸರಿಹೋಗುತ್ತದಾ?

ಹಳೇಶೇಡರ್

ಇದು ಬೇರೆ ಸಮಸ್ಯೆ, ರಿಫ್ರಾಕ್ಷನ್ ಹಾಕಿದರೂ ಹೋಗುವುದಿಲ್ಲ. ನಿಮ್ಮ ಕಣ್ಣು ಬರೀ ಗೋಲ ಇರಬೇಕು ಅಲ್ಲವೇ? ಗೋಲವನ್ನು ಅದರ ಕೇಂದ್ರದ ಸುತ್ತ ಎಷ್ಟು ತಿರುಗಿಸಿದರೂ ಆಕಾರ ಅದೇ, ನಾರ್ಮಲ್‌ಗಳೂ ಅವೇ. ಹೊಳಪು ಜಾಗ ಬಿಟ್ಟು ಕದಲಲು ಕಾರಣವೇ ಇಲ್ಲ. ನಿಜವಾದ ಕಣ್ಣಿನಲ್ಲಿ ಗುಡ್ಡೆಯ ತ್ರಿಜ್ಯ 12 ಮಿ.ಮೀ. ಆಸುಪಾಸು, ಕಾರ್ನಿಯಾದ ವಕ್ರತೆಯ ತ್ರಿಜ್ಯ 7.8 ಮಿ.ಮೀ. ಈ ಉಬ್ಬು ಇರುವುದರಿಂದಲೇ ಕಣ್ಣು ತಿರುಗಿದಾಗ ಹೊಳಪು ಸ್ವಲ್ಪ ಜೊತೆಗೆ ಸರಿಯುತ್ತದೆ, ಚುಕ್ಕೆಯೂ ಚಿಕ್ಕದಾಗಿ ಚೂಪಾಗಿ ಬರುತ್ತದೆ. ಮೆಶ್ ಬದಲಿಸಲು ಆಗದಿದ್ದರೆ ಉಬ್ಬನ್ನು ನಾರ್ಮಲ್ ಮ್ಯಾಪ್‌ಗೆ ಬೇಕ್ ಮಾಡಿ. ಪಕ್ಕದಿಂದ ನೋಡಿದರೆ ಅಂಚು ಚಪ್ಪಟೆಯಾಗಿಯೇ ಕಾಣುತ್ತದೆ, ಹೊಳಪು ಮಾತ್ರ ಸರಿಹೋಗುತ್ತದೆ.

ಮಿನುಗುವುದು ಬಿಳಿಗುಡ್ಡೆಯ ನಾರ್ಮಲ್ ಮ್ಯಾಪ್‌ನಿಂದ. ರಕ್ತನಾಳದ ಸಣ್ಣ ಏರಿಳಿತ ಮತ್ತು 0.05ರಂಥ ರಫ್‌ನೆಸ್ ಎರಡೂ ಸೇರಿದರೆ ದೂರದಿಂದ ಒಂದೊಂದು ಪಿಕ್ಸೆಲ್ ಒಂದೊಂದು ಫ್ರೇಮ್‌ನಲ್ಲಿ ಹೊತ್ತಿ ಆರುತ್ತದೆ. ದೂರ ಹೋದಂತೆ ನಾರ್ಮಲ್ ಮ್ಯಾಪ್‌ನ ಬಲ ಕಡಿಮೆ ಮಾಡಿ, ರಫ್‌ನೆಸ್ ಏರಿಸಿ. ಕಾರ್ನಿಯಾ ಮೇಲೆ ಮಾತ್ರ ಆ ನಾಳಗಳ ಮ್ಯಾಪ್ ಹತ್ತಿರದಲ್ಲೂ ಬೇಡವೇ ಬೇಡ, ಅಲ್ಲಿ ನುಣುಪಾದ ನಾರ್ಮಲ್ ಇರಲಿ. ಹೊಳಪು ಬಿಳಿ ಭಾಗದಲ್ಲಿ ಒಡೆದು ಚೆದುರಬೇಕು, ಐರಿಸ್ ಮೇಲೆ ಒಡೆಯದೇ ನಿಲ್ಲಬೇಕು. ಒದ್ದೆತನದ ಅನುಭವ ಅರ್ಧ ಬರುವುದು ಈ ವ್ಯತ್ಯಾಸದಿಂದ.

ಮೊಬೈಲ್ ಭಯ ಬಿಡಿ. ಮೇಲಿನ ಲೆಕ್ಕ ಎರಡು ಮೂರು ವರ್ಗಮೂಲ ಮತ್ತು ನಾಲ್ಕಾರು ಡಾಟ್, ಅದರಿಂದ ಏನೂ ಆಗುವುದಿಲ್ಲ. ಕಾರ್ನಿಯಾವನ್ನೇ ಬೇರೆ ಪಾರದರ್ಶಕ ಮೆಶ್ ಮಾಡಿ ಮೇಲೆ ಹೊದಿಸುವ ವಿಧಾನ ಮಾತ್ರ ಅಲ್ಲಿ ದುಬಾರಿ.

ಕಾಡಿಗೆ

ಅಕ್ಷಗಳನ್ನು ಸ್ಕ್ರಿಪ್ಟ್‌ನಿಂದ ಕಳಿಸಿದೆ. ಜಾರುವುದು ನಿಂತಿತು. ಮೆಳ್ಳಗಣ್ಣೂ ಹೋಯಿತು. ಆದರೆ ಹೊಳಪು ಇನ್ನೂ ಐರಿಸ್ ಜೊತೆ ಓಡಾಡುತ್ತಿದೆ. ಇನ್ನೊಂದು, ತೀರಾ ಪಕ್ಕದಿಂದ ನೋಡಿದರೆ ಐರಿಸ್ ಒಳಗೆ ಬಿಳಿಗುಡ್ಡೆಯ ಬಣ್ಣ ಬಂದುಬಿಡುತ್ತದೆ.

ಹಳೇಶೇಡರ್

ಎರಡಕ್ಕೂ ಮೂಲ ಒಂದೇ ಇರಬಹುದು. `uvIris` ಲೆಕ್ಕ ಹಾಕಿದ ಮೇಲೆ ಎಲ್ಲ ಟೆಕ್ಸ್ಚರ್‌ಗಳನ್ನೂ ಅದರಿಂದಲೇ ಓದುತ್ತಿದ್ದೀರಾ?

ಹೊಳಪು ಹುಟ್ಟುವುದು ಕಾರ್ನಿಯಾದ ಹೊರಮೈಯಲ್ಲಿ, ಕಣ್ಣೀರಿನ ಪದರದ ಮೇಲೆ. ಆ ಬೆಳಕು ಒಳಗೆ ಹೋಗಿಯೇ ಇಲ್ಲ, ಬಗ್ಗುವ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ಹೊಳಪಿಗೆ ಬೇಕಾದ ನಾರ್ಮಲ್ ಮತ್ತು ರಫ್‌ನೆಸ್ ಮೂಲ `uv`ಯಿಂದಲೇ ಬರಬೇಕು. ಐರಿಸ್‌ನ ಬಣ್ಣ ಮತ್ತು ಐರಿಸ್‌ನ ಸ್ವಂತ ನಾರ್ಮಲ್ ಮಾತ್ರ `uvIris`ನಿಂದ. ಐರಿಸ್ ಎಲ್ಲಿ ಮುಗಿದು ಬಿಳಿ ಎಲ್ಲಿ ಶುರು ಎನ್ನುವ ಮಾಸ್ಕ್ ಕೂಡ ಮೂಲ `uv`ಯಿಂದಲೇ, ಯಾಕೆಂದರೆ ಆ ಅಂಚು ಇರುವುದು ಮೇಲ್ಮೈಯಲ್ಲಿ. ಐರಿಸ್ ಮತ್ತು ಬಿಳಿಗುಡ್ಡೆಗೆ ಬೇರೆ ಬೇರೆ ಟೆಕ್ಸ್ಚರ್ ಮಾಡಿ, ಐರಿಸ್‌ನದನ್ನು ಅಂಚಿನಾಚೆಗೂ ಕಡುಬಣ್ಣದಲ್ಲಿ ಸ್ವಲ್ಪ ಹಿಗ್ಗಿಸಿ ಬಣ್ಣ ಹಚ್ಚಿಡಿ. ಆಗ ಸ್ಯಾಂಪಲ್ ಅಂಚು ದಾಟಿದರೂ ಬಿಳಿ ಸಿಗುವುದಿಲ್ಲ.

`refract`ಗೆ ಕೊಡುವ `N` ಯಾವುದು ಎಂದೂ ನೋಡಿಕೊಳ್ಳಿ. ನಾರ್ಮಲ್ ಮ್ಯಾಪ್ ಬೆರೆಸಿದ್ದನ್ನು ಕೊಟ್ಟರೆ ಐರಿಸ್ ಅಲೆಅಲೆಯಾಗಿ ಕದಡುತ್ತದೆ. ಮೆಶ್‌ನ ನುಣುಪು ನಾರ್ಮಲ್ ಸಾಕು.

ಕಾಡಿಗೆ

ಹೌದು, ಎಲ್ಲವೂ `uvIris`ನಿಂದಲೇ ಬರುತ್ತಿದ್ದವು. ಬೇರ್ಪಡಿಸಿದೆ, ಹೊಳಪು ನಿಂತಿತು, ಬಿಳಿಯೂ ಹೋಯಿತು. ಆದರೆ ಕಣ್ಣು ಇನ್ನೂ ಒಣಗಿದ ಗೋಲಿ. ರಫ್‌ನೆಸ್ 0.02ಕ್ಕೆ ಇಳಿಸಿದರೆ ಇನ್ನೂ ಪ್ಲಾಸ್ಟಿಕ್ ಆಗುತ್ತದೆ. ಸ್ಪೆಕ್ಯುಲರ್ ಏರಿಸಬೇಕಾ?

ಟೆಕ್ಸೆಲ್‌ರಾಯ

ಏರಿಸಿ. ನಾನು ಎಫ್0 ಅನ್ನು 0.04 ಇಡುತ್ತೇನೆ, ಚೆನ್ನಾಗಿ ಹೊಳೆಯುತ್ತದೆ.

ಹಳೇಶೇಡರ್

ಏರಿಸಬೇಡಿ. ಈ ಸೂಚ್ಯಂಕಗಳಿಗೆ ಎಫ್0 ಬರುವುದು 0.02ರಿಂದ 0.025. 0.04 ಇಟ್ಟರೆ ಹೆಚ್ಚುಕಡಿಮೆ ದುಪ್ಪಟ್ಟು. ಒದ್ದೆ ಅನ್ನಿಸದೇ ಇರುವುದು ಹೊಳಪು ಕಡಿಮೆಯಾಗಿ ಅಲ್ಲ, ಇರಬಾರದ ಕಡೆ ಇರುವುದರಿಂದ. ನಿಮ್ಮ ರಿಫ್ಲೆಕ್ಷನ್ ಪ್ರೋಬ್‌ಗೆ ರೆಪ್ಪೆ ಇದೆ ಎಂದೇ ಗೊತ್ತಿಲ್ಲ. ಗುಡ್ಡೆಯ ಮೇಲಿನ ಭಾಗ ಆಕಾಶವನ್ನೋ ಚಾವಣಿಯನ್ನೋ ಪೂರ್ತಿ ಪ್ರತಿಫಲಿಸುತ್ತಿರುತ್ತದೆ, ನಿಜಕ್ಕೂ ಅಲ್ಲಿ ಕಾಣಬೇಕಾದ್ದು ಮೇಲ್ರೆಪ್ಪೆಯ ಕತ್ತಲು. ರೆಪ್ಪೆಯ ಅಂಚಿನ ಉದ್ದಕ್ಕೂ ಗುಡ್ಡೆಗೆ ಸ್ವಲ್ಪ ಮುಂದೆ ಒಂದು ತೆಳು ಮೆಶ್ ಇಟ್ಟು ಅದರಿಂದ ಬಣ್ಣವನ್ನು ಗುಣಿಸಿ ಕಪ್ಪಾಗಿಸುವುದು ಸುಲಭದ ದಾರಿ. ಪ್ರತಿಫಲನವನ್ನೂ ಅದೇ ತಗ್ಗಿಸಬೇಕು, ಬರೀ ಡಿಫ್ಯೂಸ್ ಅಲ್ಲ.

ಆಮೇಲೆ ಕೆಳರೆಪ್ಪೆ. ಅಲ್ಲಿ ಕಣ್ಣೀರು ಸಣ್ಣ ಗೆರೆಯಾಗಿ ನಿಂತಿರುತ್ತದೆ, ಎತ್ತರ 0.2ರಿಂದ 0.3 ಮಿ.ಮೀ. ಅದಕ್ಕೊಂದು ಪಟ್ಟಿ ಮೆಶ್ ಬೇಕು: ಒಂದು ಅಂಚು ರೆಪ್ಪೆಯ ವರ್ಟೆಕ್ಸ್‌ಗಳಿಗೆ ಅಂಟಿರಲಿ, ಇನ್ನೊಂದು ಗುಡ್ಡೆಯನ್ನು ಮುಟ್ಟಲಿ, ನಾರ್ಮಲ್‌ಗಳು ಒಳಬಾಗಿದ ಕಾಲುವೆಯಂತೆ ಇರಲಿ. ಬಣ್ಣ ಏನೂ ಬೇಡ, ಹೊಳಪು ಮಾತ್ರ. ಲೈಟ್ ಎಲ್ಲಿದ್ದರೂ ಆ ಗೆರೆಯಲ್ಲಿ ಎಲ್ಲೋ ಒಂದು ಕಡೆ ಮಿಂಚುತ್ತದೆ. ಕಾರ್ನಿಯಾದ ದೊಡ್ಡ ಚುಕ್ಕೆಗಿಂತ ಹೆಚ್ಚು ಒದ್ದೆತನ ಕೊಡುವುದು ಇದೇ ಎಂದು ನನ್ನ ಅಭಿಪ್ರಾಯ.

ಮೊಬೈಲ್‌ಗೇಮಿ

ಉಬ್ಬನ್ನು ನಾರ್ಮಲ್ ಮ್ಯಾಪ್‌ಗೆ ಬೇಕ್ ಮಾಡಿದೆ, ಹೊಳಪು ಈಗ ಕಣ್ಣಿನ ಜೊತೆ ಕದಲುತ್ತದೆ. ಮಿನುಗುವುದು ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಪಟ್ಟಿ ಮೆಶ್ ನಮ್ಮ ಪಾತ್ರಕ್ಕೆ ದೂರದಿಂದ ಕಾಣುವುದೇ ಇಲ್ಲ, ಬಿಟ್ಟೆ.

ಕಾಡಿಗೆ

ಎರಡೂ ಮೆಶ್ ಹಾಕಿದೆ. ಮೇಲಿನ ಕತ್ತಲಿಂದ ಆದ ಬದಲಾವಣೆ ನಾನು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು, ಕಣ್ಣು ತಲೆಯೊಳಗೆ ಕೂತಿತು. ಪಟ್ಟಿಯೂ ಚೆನ್ನಾಗಿದೆ, ಆದರೆ ಕಣ್ಣು ಮಿಟುಕಿಸಿದಾಗ ಮೇಲ್ರೆಪ್ಪೆ ಅದರೊಳಗೆ ತೂರಿ ಒಂದು ಫ್ರೇಮ್ ಮಿಂಚುತ್ತದೆ. ಈಗ ರೆಪ್ಪೆ ಮುಚ್ಚುವ ಬ್ಲೆಂಡ್‌ಶೇಪ್‌ನ ತೂಕವನ್ನೇ ಶೇಡರ್‌ಗೆ ಕಳಿಸಿ, ಅದು 0.8 ದಾಟಿದರೆ ಪಟ್ಟಿಯನ್ನು ಮಾಯ ಮಾಡುತ್ತಿದ್ದೇನೆ.

ಉಳಿದದ್ದು ಒಂದೇ. ಟಿಎಎ ಆನ್ ಇದ್ದಾಗ ಕಣ್ಣು ಬೇಗ ತಿರುಗಿದರೆ ಪಾಪೆಯ ಅಂಚು ಮಸುಕಾಗಿ ಬಾಲ ಎಳೆಯುತ್ತದೆ. ಆಫ್ ಮಾಡಿದರೆ ಇಲ್ಲ.

ಹಳೇಶೇಡರ್

ಅದು ನಿರೀಕ್ಷಿತ. ಮೋಷನ್ ವೆಕ್ಟರ್ ಹೇಳುವುದು ಕಾರ್ನಿಯಾದ ಮೇಲ್ಮೈ ಎಷ್ಟು ಸರಿಯಿತು ಎಂದು. ಬಗ್ಗಿಸಿ ತೋರಿಸಿದ ಐರಿಸ್ ಅಷ್ಟೇ ಸರಿದಿರುವುದಿಲ್ಲ, ಹಾಗಾಗಿ ಹಳೇ ಫ್ರೇಮ್‌ನ ಪಾಪೆ ತಪ್ಪು ಜಾಗದಿಂದ ಬಂದು ಬೆರೆಯುತ್ತದೆ. ನಾನು ಕಣ್ಣಿನ ಪಿಕ್ಸೆಲ್‌ಗಳಿಗೆ ಸ್ಟೆನ್ಸಿಲ್ ಗುರುತು ಹಾಕಿ ಅಲ್ಲಿ ಇತಿಹಾಸದ ಪಾಲು ಕಡಿಮೆ ಮಾಡುತ್ತೇನೆ. ಬಾಲ ಹೋಗುತ್ತದೆ, ಆದರೆ ರೆಪ್ಪೆಯ ಅಂಚು ಸ್ವಲ್ಪ ಗರಗಸವಾಗುತ್ತದೆ.

ಟೆಕ್ಸೆಲ್‌ರಾಯ

ಹಿಂದಿನ ಫ್ರೇಮ್‌ನ ಅಕ್ಷ ಮತ್ತು ಕ್ಯಾಮೆರಾ ಇಟ್ಟುಕೊಂಡು ಹಿಂದಿನ `off` ಕೂಡ ಲೆಕ್ಕ ಹಾಕಿ, ಆ ವ್ಯತ್ಯಾಸವನ್ನು ಮೋಷನ್ ವೆಕ್ಟರ್‌ಗೆ ಸೇರಿಸಿದರೆ?

ಹಳೇಶೇಡರ್

ಐರಿಸ್‌ಗೆ ಸರಿಹೋಗುತ್ತದೆ. ಅದೇ ಪಿಕ್ಸೆಲ್‌ನಲ್ಲಿ ಮೇಲೆ ಹೊಳಪೂ ಇದೆಯಲ್ಲ, ಅದು ಬೇರೆ ವೇಗದಲ್ಲಿ ಸರಿಯುತ್ತದೆ. ಒಂದು ಪಿಕ್ಸೆಲ್‌ಗೆ ವೆಕ್ಟರ್ ಒಂದೇ. ಯಾರಾದರೂ ಮಾಡಿ ನೋಡಿದ್ದರೆ ಬರೆಯಿರಿ, ಹೊಳಪಿನ ಬಾಲ ಎಷ್ಟು ಕಾಣುತ್ತದೆ ಎಂದು ನನಗೂ ತಿಳಿಯಬೇಕಿದೆ.

ಕಾಡಿಗೆ

ಸದ್ಯಕ್ಕೆ ಸ್ಟೆನ್ಸಿಲ್ ದಾರಿ ಹಿಡಿದಿದ್ದೇನೆ. ಹಿಂದಿನ ಫ್ರೇಮ್‌ನ `_EyeX`, `_EyeY`, `_EyeZ` ಕಳಿಸುವ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ, ಮೋಷನ್ ವೆಕ್ಟರ್ ಪಾಸ್ ತಿದ್ದಿದ ಮೇಲೆ ಎರಡೂ ವಿಡಿಯೋ ಇಲ್ಲೇ ಹಾಕುತ್ತೇನೆ.